ಒಬ್ಬರ ಮೈಮೇಲೆ ಎರಡು ಉಬ್ಬು ಕಲೆಗಳು: ಕಿವಿಯ ಗಂಟು ಮತ್ತು ಹೊಟ್ಟೆಯ ಗೆರೆ

ಚರ್ಮರೋಗ ವಿಭಾಗದಲ್ಲಿ ಆಪ್ತಸಲಹೆಗಾರ್ತಿಯಾಗಿ ಕೆಲಸ ಮಾಡುವಾಗ ನಾನು ಕಂಡ ಪ್ರಕರಣವೊಂದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಬಂದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಅವರನ್ನು ವೀಣಾ ಎಂದು ಕರೆಯುತ್ತೇನೆ. ಬರೆಯಲು ಅವರ ಒಪ್ಪಿಗೆ ಇದೆ.

ವೀಣಾ ಅವರಿಗೆ 23 ವರ್ಷ. ಅವರು ಹೊಸದಾಗಿ ಸೇರಲಿದ್ದ ಕೆಲಸದಲ್ಲಿ ತಲೆಗೂದಲನ್ನು ಪೂರ್ತಿ ಹಿಂದಕ್ಕೆ ಕಟ್ಟಿ ಬಲೆ ಹಾಕಿಕೊಳ್ಳಬೇಕಿತ್ತು. ಅಲ್ಲಿಯವರೆಗೆ ಕೂದಲಿನ ಮರೆಯಲ್ಲಿ ಇಟ್ಟುಕೊಂಡಿದ್ದ ಬಲಗಿವಿಯ ಗಂಟು ಎಲ್ಲರ ಕಣ್ಣಿಗೆ ಬೀಳುತ್ತದೆ ಎಂಬ ಆತಂಕದಿಂದ ಅವರು ನಮ್ಮಲ್ಲಿಗೆ ಬಂದಿದ್ದರು. ಹದಿನಾರು ತಿಂಗಳ ಹಿಂದೆ ಕಿವಿಯ ಮೇಲಂಚಿನ ಮೃದ್ವಸ್ಥಿಗೆ ಚುಚ್ಚಿಸಿಕೊಂಡಿದ್ದ ಜಾಗದಲ್ಲಿ ಆ ಗಂಟು ಬೆಳೆದಿತ್ತು. ಇದರ ಜೊತೆಗೆ, ಐದು ತಿಂಗಳ ಹಿಂದೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಆದಾಗ ಹೊಟ್ಟೆಯ ಬಲಭಾಗದಲ್ಲಿ ಉಳಿದ ಆರು ಸೆಂಟಿಮೀಟರ್ ಉದ್ದದ ಗೆರೆಯೂ ಕೆಂಪಗೆ ಉಬ್ಬಿಕೊಂಡಿತ್ತು. “ನನ್ನ ಮೈಯೇ ಹೀಗೆ, ಮೇಡಂ. ಎಲ್ಲಿ ಗಾಯವಾದರೂ ಕೊಬ್ಬುತ್ತದೆ. ಎರಡನ್ನೂ ಒಂದೇ ದಿನ ಕತ್ತರಿಸಿ ತೆಗೆಸಿಬಿಡಬೇಕು,” ಎಂದರು. ಎರಡೂ ಒಂದೇ ಕಾಯಿಲೆ, ಎರಡಕ್ಕೂ ಒಂದೇ ಪರಿಹಾರ ಎಂಬ ಈ ನಂಬಿಕೆಯನ್ನು ಬಿಡಿಸುವುದರಲ್ಲಿಯೇ ನಮ್ಮ ಮೊದಲ ಎರಡು ಭೇಟಿಗಳು ಕಳೆದವು.

ಗಾಯ ಮಾಯುವಾಗ ಚರ್ಮದ ಒಳಪದರದಲ್ಲಿ ಕೊಲಾಜನ್ ಎಂಬ ನಾರು ಕೂಡಿಕೊಳ್ಳುತ್ತದೆ, ಅಗತ್ಯ ತೀರಿದ ಮೇಲೆ ಅದರ ಉತ್ಪಾದನೆ ತಗ್ಗಿ ಕಲೆ ಸಮತಟ್ಟಾಗುತ್ತದೆ. ಈ ತಗ್ಗುವಿಕೆ ತಡವಾದಾಗ ದಪ್ಪ ಕಲೆ ಉಂಟಾಗುತ್ತದೆ. ವೈದ್ಯರು ಇದನ್ನು ಹೈಪರ್‌ಟ್ರೋಫಿಕ್ ಕಲೆ ಎನ್ನುತ್ತಾರೆ. ಅದು ಎಷ್ಟೇ ಎತ್ತರವಾದರೂ ಗಾಯವಾಗಿದ್ದ ಜಾಗದೊಳಗೇ ಉಳಿಯುತ್ತದೆ. ಕೀಲಾಯ್ಡ್ ಹಾಗಲ್ಲ, ಅದು ಗಾಯದ ಅಂಚನ್ನು ದಾಟಿ, ಎಂದೂ ಪೆಟ್ಟಾಗದ ಒಳ್ಳೆಯ ಚರ್ಮದೊಳಕ್ಕೆ ಹರಡುತ್ತದೆ. ಏಡಿಯ ಕೊಂಡಿ ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ಬದಿಗಳಿಗೆ ಚಾಚಿಕೊಳ್ಳುವ ಆ ಗಂಟನ್ನು ನೋಡಿದವರಿಗೆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಹೊಟ್ಟೆಯ ಗೆರೆಯ ವಿಷಯದಲ್ಲಿ ಈ ಅಂಚಿನ ಪರೀಕ್ಷೆ ಸುಲಭವಾಗಿತ್ತು. ಹೊಲಿಗೆ ಹಾಕಿದ ಗಾಯದ ಅಂಚು ಎಂದರೆ ಕತ್ತರಿಸಿದ ಗೆರೆ ಮಾತ್ರವಲ್ಲ, ದಾರ ಹಾದುಹೋದ ಚುಕ್ಕೆಗಳೂ ಗಾಯಗಳೇ ಎಂಬುದನ್ನು ಅನೇಕರು ಮರೆಯುತ್ತಾರೆ. ಚುಕ್ಕೆಗಳ ಜಾಗದಲ್ಲಿ ಸಣ್ಣ ಉಬ್ಬುಗಳು ಕಂಡರೆ ಕಲೆ ಬದಿಗೆ ಹರಡಿದೆ ಎಂದು ಹೆದರುತ್ತಾರೆ. ವೀಣಾ ಅವರ ಭಯಕ್ಕೂ ಅದೇ ಕಾರಣವಾಗಿತ್ತು. ವೈದ್ಯರು ಗೆರೆಯ ಎರಡೂ ಬದಿಯ ಚುಕ್ಕೆಗಳನ್ನು ಸೇರಿಸಿ ಪೆನ್ನಿನಿಂದ ಹೊರಗೆರೆ ಎಳೆದು ತೋರಿಸಿದರು. ಉಬ್ಬು ಎಲ್ಲಿಯೂ ಆ ಗೆರೆಯನ್ನು ದಾಟಿರಲಿಲ್ಲ. ಕಾಲದ ಲೆಕ್ಕವೂ ಇದಕ್ಕೆ ಹೊಂದುತ್ತಿತ್ತು: ಶಸ್ತ್ರಚಿಕಿತ್ಸೆಯಾದ ಸುಮಾರು ಆರನೆಯ ವಾರದಲ್ಲಿ ಉಬ್ಬಲು ಆರಂಭಿಸಿದ ಗೆರೆ ನಾಲ್ಕನೆಯ ತಿಂಗಳವರೆಗೆ ಏರಿ, ಆಮೇಲೆ ನಿಂತಿತ್ತು. ದಪ್ಪ ಕಲೆಗಳು ಸಾಮಾನ್ಯವಾಗಿ ಗಾಯವಾದ ಒಂದೆರಡು ತಿಂಗಳಲ್ಲಿ ಕಾಣಿಸಿಕೊಂಡು, ಕೆಲವು ತಿಂಗಳು ಬೆಳೆದು, ಮುಂದಿನ ಒಂದೆರಡು ವರ್ಷಗಳಲ್ಲಿ ತಾವಾಗಿಯೇ ತಗ್ಗುತ್ತವೆ. ಕೆಂಪು ಮತ್ತು ತುರಿಕೆ ಎರಡೂ ಬಗೆಯ ಕಲೆಗಳಲ್ಲಿ ಇರುವುದರಿಂದ, ತುರಿಕೆ ಇದೆ ಎಂಬ ಒಂದೇ ಕಾರಣಕ್ಕೆ ಕೀಲಾಯ್ಡ್ ಎಂದು ತೀರ್ಮಾನಿಸಬಾರದು.

ಕಿವಿಯ ವಿಷಯದಲ್ಲಿ ನಾನೇ ಎಡವಿದೆ. ಮೊದಲ ಭೇಟಿಯಲ್ಲಿ “ಗಂಟು ತೂತಿನ ಅಂಚನ್ನು ದಾಟಿದೆಯೇ?” ಎಂದು ಕೇಳಿದೆ, ಅವರು “ಮೊದಲ ತಿಂಗಳಲ್ಲೇ ದಾಟಿತ್ತು” ಎಂದರು, ಹಾಗಾದರೆ ಆಗಲೇ ಕೀಲಾಯ್ಡ್ ಶುರುವಾಗಿತ್ತು ಎಂದು ನಾನು ಟಿಪ್ಪಣಿಯಲ್ಲಿ ಬರೆದುಕೊಂಡೆ. ವೈದ್ಯರು ಅದನ್ನು ತಿದ್ದಿದರು. ಚುಚ್ಚಿದ ತೂತು ಸುಮಾರು ಒಂದು ಮಿಲಿಮೀಟರ್ ಅಗಲದ್ದು. ಅದರ ಸುತ್ತ ಯಾವ ಉಬ್ಬು ಬಂದರೂ, ಅದು ಬರಿಯ ಕೆರಳಿಕೆಯಿಂದ ಬಂದದ್ದಾದರೂ, ಅಂಚನ್ನು ದಾಟಿದಂತೆಯೇ ಕಾಣುತ್ತದೆ. ಆದ್ದರಿಂದ ಚುಚ್ಚಿಸಿಕೊಂಡ ಜಾಗದಲ್ಲಿ ಅಂಚಿನ ನಿಯಮವೊಂದನ್ನೇ ನಂಬುವಂತಿಲ್ಲ, ಉಬ್ಬು ಯಾವಾಗ ಬಂತು, ಮುಟ್ಟಿದರೆ ಹೇಗಿದೆ, ಆಭರಣ ತೆಗೆದ ಮೇಲೆ ಏನು ಮಾಡಿತು ಎಂಬುದನ್ನು ಕೇಳಬೇಕು.

ಹೀಗೆ ಕೇಳಿದಾಗ ವೀಣಾ ಅವರ ಕಿವಿಯಲ್ಲಿ ಎರಡು ಬೇರೆ ಬೇರೆ ಘಟನೆಗಳು ನಡೆದಿದ್ದವು ಎಂಬುದು ಸ್ಪಷ್ಟವಾಯಿತು. ಚುಚ್ಚಿಸಿದ ಮೂರನೆಯ ವಾರದಲ್ಲಿ ತೂತಿನ ಬಾಯಲ್ಲಿ ಕೆಂಪಗೆ, ಒದ್ದೆಯಾಗಿ, ಮುಟ್ಟಿದರೆ ರಕ್ತ ಜಿನುಗುವ ಸಣ್ಣ ಉಬ್ಬು ಬಂದಿತ್ತು, ಆಭರಣವನ್ನು ಬದಲಿಸಿದ ಮೇಲೆ ಕೆಲವೇ ವಾರಗಳಲ್ಲಿ ಇಳಿದುಹೋಗಿತ್ತು. ಅದು ಉಜ್ಜಾಟದಿಂದಲೋ ಲೋಹದ ಅಲರ್ಜಿಯಿಂದಲೋ ಬರುವ ಮೆತ್ತನೆಯ ಅಂಗಾಂಶ, ಕೀಲಾಯ್ಡ್ ಅಲ್ಲ. ಐದನೆಯ ತಿಂಗಳಲ್ಲಿ, ಎಲ್ಲ ಮಾಯಿತು ಎಂದುಕೊಂಡ ಮೇಲೆ, ಕಿವಿಯ ಹಿಂಬದಿಯಲ್ಲಿ ಒಣಗಿದ, ನುಣುಪಾದ ಚರ್ಮದಿಂದ ಮುಚ್ಚಿದ, ರಬ್ಬರಿನಂತೆ ಗಟ್ಟಿಯಾದ ಸಣ್ಣ ಗಂಟು ಕೈಗೆ ಸಿಕ್ಕಿತ್ತು. ಎಂಟನೆಯ ತಿಂಗಳಲ್ಲಿ ಆಭರಣವನ್ನು ಪೂರ್ತಿ ತೆಗೆದರೂ ಅದು ನಿಲ್ಲಲಿಲ್ಲ. ನಾವು ಅಳೆದಾಗ ಹಿಂಬದಿಯ ಗಂಟು 18 ಮಿಲಿಮೀಟರ್ ಅಗಲ, ಮುಂಬದಿಯದು ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದು. ತಡವಾಗಿ ಹುಟ್ಟಿದ್ದು, ಕಾರಣ ಹೋದ ಮೇಲೂ ಬೆಳೆದದ್ದು, ಒಂದು ವರ್ಷ ಕಳೆದರೂ ಇಳಿಯುವ ಲಕ್ಷಣ ತೋರದಿದ್ದದ್ದು, ಈ ಮೂರನ್ನೂ ಒಟ್ಟಿಗೆ ನೋಡಿ ವೈದ್ಯರು ಕೀಲಾಯ್ಡ್ ಎಂದು ನಿರ್ಧರಿಸಿದರು. ವೀಣಾ ಅವರ ಚಿಕ್ಕಪ್ಪನಿಗೆ ಎದೆಯ ನಡುವೆ ಮೊಡವೆಯ ಗಾಯದಿಂದ ಬೆಳೆದ ಇಂಥದ್ದೇ ಗಂಟು ಇತ್ತು ಎಂಬುದೂ ಆಗಲೇ ತಿಳಿಯಿತು. ಕೀಲಾಯ್ಡ್ ಕುಟುಂಬಗಳಲ್ಲಿ ಹರಿದುಬರುವುದುಂಟು. ಕಿವಿ, ಎದೆಯ ನಡುಭಾಗ, ಭುಜ, ಮೇಲುಬೆನ್ನು ಮತ್ತು ದವಡೆಯ ಅಂಚು ಅದು ಹೆಚ್ಚಾಗಿ ಕಾಣಿಸಿಕೊಳ್ಳುವ ಜಾಗಗಳು.

ಈ ಮಾತು ಅವರ ಮನಸ್ಸಿನ ಒಂದು ಭಾರವನ್ನು ಇಳಿಸಿತು. ತಾವು ಸರಿಯಾಗಿ ಶುಚಿಗೊಳಿಸದೆ ಇದ್ದುದರಿಂದಲೇ ಹೀಗಾಯಿತು ಎಂದು ಒಂದು ವರ್ಷದಿಂದ ತಮ್ಮನ್ನೇ ದೂಷಿಸಿಕೊಳ್ಳುತ್ತಿದ್ದರು. ಸೋಂಕು ಮತ್ತು ಕೆರಳಿಕೆ ಕೀಲಾಯ್ಡಿಗೆ ಪ್ರಚೋದನೆ ಆಗಬಲ್ಲವು, ಆದರೆ ಒಲವು ಮೈಯಲ್ಲೇ ಇರುತ್ತದೆ, ಚೆನ್ನಾಗಿ ಆರೈಕೆ ಮಾಡಿದ ತೂತಿನಲ್ಲಿಯೂ ಅದು ಬರಬಹುದು ಎಂದು ವಿವರಿಸಿದೆ. ಇದು ಕ್ಯಾನ್ಸರ್ ಆಗುತ್ತದೆಯೇ ಎಂದು ಅವರು ಬಹಳ ಹಿಂಜರಿಯುತ್ತ ಕೇಳಿದರು. ಕೀಲಾಯ್ಡ್ ಕ್ಯಾನ್ಸರ್ ಅಲ್ಲ. ಆದರೆ ಯಾವ ಗಾಯವೂ ಆಗದ ಜಾಗದಲ್ಲಿ ಗಟ್ಟಿ ಗಂಟು ಬೆಳೆಯುತ್ತಿದ್ದರೆ, ಮೇಲಿನ ಚರ್ಮ ಹುಣ್ಣಾಗಿ ರಕ್ತ ಬರುತ್ತಿದ್ದರೆ, ಅಥವಾ ಗಂಟು ಅಸಹಜ ವೇಗದಲ್ಲಿ ಹಿಗ್ಗುತ್ತಿದ್ದರೆ, ಕೀಲಾಯ್ಡಿನಂತೆ ಕಾಣುವ ಗೆಡ್ಡೆಗಳೂ ಇರುವುದರಿಂದ ಬಯಾಪ್ಸಿ ಬೇಕಾಗುತ್ತದೆ. ಅವರಲ್ಲಿ ಇವು ಯಾವುವೂ ಇರಲಿಲ್ಲ. ಮೃದ್ವಸ್ಥಿ ಚುಚ್ಚಿಸಿಕೊಂಡವರು ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ: ಕಿವಿ ಬಿಸಿಯಾಗಿ, ಕೆಂಪಗೆ ಊದಿ, ಮುಟ್ಟಲಾಗದ ನೋವು ಬಂದರೆ ಅದು ಮೃದ್ವಸ್ಥಿಯ ಸೋಂಕು ಆಗಿರಬಹುದು. ಅಂಥ ಸಂದರ್ಭದಲ್ಲಿ ಕಲೆಯ ಚಿಂತೆಯನ್ನು ಬದಿಗಿಟ್ಟು ಅದೇ ದಿನ ವೈದ್ಯರನ್ನು ಕಾಣಬೇಕು, ತಡಮಾಡಿದರೆ ಕಿವಿಯ ಆಕಾರವೇ ಕೆಡಬಹುದು.

ಇನ್ನು ಕತ್ತರಿಸುವ ಪ್ರಶ್ನೆ. ಕತ್ತರಿಯೂ ಒಂದು ಹೊಸ ಗಾಯ ಎಂಬುದನ್ನು ನಾನು ಅವರ ಮುಂದೆ ನಿಧಾನವಾಗಿ ಇಟ್ಟೆ. ಬೇರೇನೂ ಮಾಡದೆ ಕೀಲಾಯ್ಡನ್ನು ಕತ್ತರಿಸಿದಾಗ ಅದು ಮರುಕಳಿಸುವ ಪ್ರಮಾಣ ಪ್ರಕಟಿತ ವರದಿಗಳಲ್ಲಿ ನೂರಕ್ಕೆ 45ರಿಂದ 100ರವರೆಗೆ ಇದೆ, ಮತ್ತೆ ಬಂದ ಗಂಟು ಮೊದಲಿನದಕ್ಕಿಂತ ದೊಡ್ಡದಾಗಿರುವುದೂ ಉಂಟು. ಹೊಟ್ಟೆಯ ಗೆರೆಗಾದರೆ, ತಾನಾಗಿಯೇ ತಗ್ಗಲಿರುವ ಕಲೆಯನ್ನು ಐದನೆಯ ತಿಂಗಳಲ್ಲಿ ಕತ್ತರಿಸುವುದು ಅವಸರವಾಗುತ್ತಿತ್ತು. ಹೀಗಾಗಿ ಎರಡಕ್ಕೂ ಬೇರೆ ಬೇರೆ ದಾರಿಗಳನ್ನು ವೈದ್ಯರು ಸೂಚಿಸಿದರು.

ಹೊಟ್ಟೆಗೆ ಸಿಲಿಕೋನ್ ಜೆಲ್ ಹಾಳೆ. ಅದನ್ನು ದಿನಕ್ಕೆ ಕನಿಷ್ಠ 12 ಗಂಟೆ, ಕನಿಷ್ಠ ಮೂರು ತಿಂಗಳು ಅಂಟಿಸಿಕೊಳ್ಳಬೇಕು. ರಾತ್ರಿ ಮಾತ್ರ ಆರು ಗಂಟೆ ಹಾಕಿಕೊಂಡು ಫಲವಿಲ್ಲ ಎಂದು ಬಿಟ್ಟುಬಿಡುವವರನ್ನು ನಾನು ಬಹಳ ನೋಡಿದ್ದೇನೆ. ಬೆವರಿನಿಂದ ಗುಳ್ಳೆ ಬಂದರೆ ಒಂದೆರಡು ದಿನ ತೆಗೆದಿಟ್ಟು, ಹಾಳೆಯನ್ನೂ ಚರ್ಮವನ್ನೂ ತೊಳೆದು ಒಣಗಿಸಿ ಮತ್ತೆ ಆರಂಭಿಸಬೇಕು.

ಕಿವಿಗೆ ಟ್ರಯಾಮ್ಸಿನೋಲೋನ್ ಎಂಬ ಸ್ಟಿರಾಯ್ಡ್ ಔಷಧಿಯನ್ನು ನಾಲ್ಕು ವಾರಗಳಿಗೊಮ್ಮೆ ಗಂಟಿನ ಒಳಕ್ಕೇ ಚುಚ್ಚುವುದು. ಇಲ್ಲಿ ಸಲಹೆಗಾರರು ಕಷ್ಟವನ್ನು ಮರೆಮಾಚಬಾರದು ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಮೊದಲ ಚುಚ್ಚುಮದ್ದಿನ ನೋವಿಗೆ ಹೆದರಿ ಎರಡನೆಯದಕ್ಕೆ ಬಾರದವರೇ ಹೆಚ್ಚು. ಗಂಟು ಬಿಗಿಯಾಗಿರುವಾಗ ಔಷಧಿ ಒಳಗೆ ಇಳಿಯಲು ಒತ್ತಡ ಬೇಕಾಗುತ್ತದೆ, ನೋವೂ ಹೆಚ್ಚು. ಮೆತ್ತಗಾದಂತೆ ಮುಂದಿನವು ಸುಲಭವಾಗುತ್ತವೆ. ಸುತ್ತಲಿನ ಚರ್ಮ ತೆಳುವಾಗುವುದು, ಬಿಳುಪಾಗುವುದು, ಸಣ್ಣ ರಕ್ತನಾಳಗಳು ಕಾಣಿಸುವುದು ಇದರ ಅಡ್ಡಪರಿಣಾಮಗಳು. ಮುಟ್ಟಿನಲ್ಲಿ ಏರುಪೇರು ಆಗಬಹುದು, ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಬೇಕು. ಚುಚ್ಚುಮದ್ದಿನಿಂದ ಸಾಕಷ್ಟು ತಗ್ಗದಿದ್ದರೆ ಆಗ ಶಸ್ತ್ರಚಿಕಿತ್ಸೆ ಮಾಡಬಹುದು, ಆದರೆ ಅದರ ಜೊತೆಯಲ್ಲೇ ಚುಚ್ಚುಮದ್ದನ್ನೂ ಕಿವಿಯನ್ನು ಒತ್ತಿ ಹಿಡಿಯುವ ಕ್ಲಿಪ್ಪನ್ನೂ ಮುಂದುವರಿಸಬೇಕು ಎಂದು ವೈದ್ಯರು ಹೇಳಿದರು. ಗಂಟು ಇಳಿದರೂ ಚರ್ಮ ಮೊದಲಿನಂತಾಗುವುದಿಲ್ಲ, ಹೊಸ ಕೆಲಸಕ್ಕೆ ಸೇರುವ ದಿನಕ್ಕೆ ಅದು ಹೋಗಿರುವುದೂ ಇಲ್ಲ ಎಂದು ನಾನು ಹೇಳಿದಾಗ ವೀಣಾ ಕಣ್ಣೀರು ಹಾಕಿದರು. ಆ ದಿನ ಚಿಕಿತ್ಸೆಯ ಮಾತನ್ನು ಅಲ್ಲಿಗೇ ನಿಲ್ಲಿಸಿ, ಸಹೋದ್ಯೋಗಿಗಳು ಕೇಳಿದರೆ ಏನು ಹೇಳಬೇಕು ಎಂಬುದನ್ನು ಅವರದೇ ಮಾತಿನಲ್ಲಿ ಬರೆದುಕೊಂಡೆವು: “ಚುಚ್ಚಿಸಿಕೊಂಡ ಜಾಗದಲ್ಲಿ ಕಲೆ ಬೆಳೆದಿದೆ, ಅಂಟುವ ಕಾಯಿಲೆಯಲ್ಲ, ಚಿಕಿತ್ಸೆ ನಡೆಯುತ್ತಿದೆ.”

ಮನೆಯಲ್ಲಿ ಪ್ರತಿದಿನ ಕನ್ನಡಿ ನೋಡುವುದನ್ನು ಬಿಟ್ಟು, ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಕಲೆಗಳ ಫೋಟೋ ತೆಗೆಯಲು ಹೇಳಿದೆ. ಗಾಯವಾದ ಮೊದಲ ತಿಂಗಳುಗಳಲ್ಲಿ ಎರಡು ಬಗೆಯ ಕಲೆಗಳೂ ಒಂದೇ ರೀತಿ ಕಾಣುವುದರಿಂದ, ಹೊಟ್ಟೆಯ ಗೆರೆಯ ಬಗ್ಗೆ ನಮ್ಮ ತೀರ್ಮಾನ ಸರಿಯೇ ಎಂಬುದನ್ನು ಈ ಚಿತ್ರಗಳೇ ಹೇಳಬೇಕಿತ್ತು. ಅದು ಹೊರಗೆರೆಯನ್ನು ದಾಟಿದ್ದರೆ ನಮ್ಮ ಯೋಜನೆಯನ್ನೇ ಬದಲಿಸಬೇಕಾಗುತ್ತಿತ್ತು. ದಾಟಲಿಲ್ಲ. ಶಸ್ತ್ರಚಿಕಿತ್ಸೆಯಾದ ಹನ್ನೊಂದನೆಯ ತಿಂಗಳಲ್ಲಿ ಗೆರೆ ಅರ್ಧದಷ್ಟು ತಗ್ಗಿ, ಕೆಂಪು ಮಾಸಿ, ತುರಿಕೆ ನಿಂತಿತ್ತು. ಕಿವಿಯ ತುರಿಕೆ ಎರಡನೆಯ ಚುಚ್ಚುಮದ್ದಿನ ಮೇಲೆ ಕಡಿಮೆಯಾಯಿತು, ಐದನೆಯದರ ಹೊತ್ತಿಗೆ ಹಿಂಬದಿಯ ಗಂಟು 11 ಮಿಲಿಮೀಟರಿಗೆ ಇಳಿದು ಮೆತ್ತಗಾಗಿತ್ತು. ಗಂಟಿನ ಪಕ್ಕದಲ್ಲಿ ಒಂದು ಬಿಳಿ ಮಚ್ಚೆ ಬಂದದ್ದರಿಂದ ವೈದ್ಯರು ಔಷಧಿಯ ಸಾಂದ್ರತೆಯನ್ನು ಕಡಿಮೆ ಮಾಡಿದ್ದಾರೆ. ಮುಂಬದಿಯ ಗಂಟು ಮಾತ್ರ ಹೆಚ್ಚೇನೂ ಬದಲಾಗಿಲ್ಲ.

ಕೊನೆಯ ಭೇಟಿಗೆ ಅವರು ತಂಗಿಯನ್ನೂ ಕರೆತಂದಿದ್ದರು. ಆಕೆಗೂ ಅದೇ ಜಾಗದಲ್ಲಿ ಚುಚ್ಚಿಸಿಕೊಳ್ಳುವ ಆಸೆಯಿತ್ತು. ಅಕ್ಕನಿಗೆ ಮತ್ತು ಚಿಕ್ಕಪ್ಪನಿಗೆ ಕೀಲಾಯ್ಡ್ ಇರುವಾಗ ಬೇಡ ಎಂದೇ ನೇರವಾಗಿ ಹೇಳಿದೆ. ಮುಂದೆ ಯಾವ ಶಸ್ತ್ರಚಿಕಿತ್ಸೆಗೆ ಹೋದರೂ, ಚಿಕ್ಕದೊಂದು ಮಚ್ಚೆ ತೆಗೆಸುವುದಿದ್ದರೂ, ಈ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು ಎಂದು ಇಬ್ಬರಿಗೂ ಬರೆದುಕೊಟ್ಟೆ. ಮುಂಬದಿಯ ಗಂಟಿಗೆ ಶಸ್ತ್ರಚಿಕಿತ್ಸೆ ಬೇಕೇ ಎಂಬುದನ್ನು ಇನ್ನೆರಡು ಚುಚ್ಚುಮದ್ದುಗಳಾದ ಮೇಲೆ ಅಳತೆ ನೋಡಿ ನಿರ್ಧರಿಸಲಿದ್ದೇವೆ. ಗಂಟು ಪೂರ್ತಿ ಇಳಿದರೂ ಮರುಕಳಿಸುವಿಕೆ ತಡವಾಗಿ ಬರಬಹುದಾದ್ದರಿಂದ, ಅಲ್ಲಿಂದ ಎರಡು ವರ್ಷಗಳವರೆಗೆ ಫೋಟೋ ತೆಗೆಯುವುದನ್ನು ಬಿಡುವುದಿಲ್ಲ ಎಂದು ವೀಣಾ ಒಪ್ಪಿಕೊಂಡಿದ್ದಾರೆ.