ಮುಟ್ಟಿನ ದಿನ ಎಣಿಸಿ ಜಿಗಿತ ನಿಲ್ಲಿಸಬೇಕೇ?

"ಮಗಳಿಗೆ 17, ವಾಲಿಬಾಲ್ ಆಡ್ತಾಳೆ. 14ನೇ ದಿನದ ಆಸುಪಾಸು ಮಂಡಿ ಲಿಗಮೆಂಟ್ ಹರಿಯುತ್ತೆ ಅಂತ ಕೋಚ್ ಆ ವಾರ ಜಿಗಿತ ಬಿಡಿಸ್ತಾರೆ. ಸರಿನಾ? ಅವಳ ಮುಟ್ಟು 26ರಿಂದ 38 ದಿನಕ್ಕೊಮ್ಮೆ."

ನನ್ನ ಪ್ರಕಾರ ಬಿಡಿಸಬಾರದು. ಅಂಡೋತ್ಪತ್ತಿಯ ಹೊತ್ತಿಗೆ ಈಸ್ಟ್ರೋಜೆನ್ ಏರಿ ಮಂಡಿಯ ಲಿಗಮೆಂಟ್ ಸ್ವಲ್ಪ ಸಡಿಲವಾಗಬಹುದು, ಅಷ್ಟು ನಿಜ. ಆದರೆ ಪೆಟ್ಟು ಆಗಲೇ ಹೆಚ್ಚು ಬೀಳುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ; ಅಧ್ಯಯನಗಳೇ ಒಂದಕ್ಕೊಂದು ಹೊಂದುವುದಿಲ್ಲ.

ಇನ್ನು 14ನೇ ದಿನದ ಲೆಕ್ಕ. ಅಂಡೋತ್ಪತ್ತಿ ಆಗುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಹಾಗಾಗಿ ನಿಮ್ಮ ಮಗಳಿಗೆ ಅದು ಒಂದು ತಿಂಗಳು 12ನೇ ದಿನ, ಇನ್ನೊಂದು ತಿಂಗಳು 24ನೇ ದಿನ ಬರಬಹುದು. ಈ ವಯಸ್ಸಿನಲ್ಲಿ ಕೆಲವು ತಿಂಗಳು ಆಗದೆಯೂ ಇರಬಹುದು. ಯಾವ ವಾರ ಅಂತ ನಿಲ್ಲಿಸುತ್ತೀರಿ?

ಮಂಡಿ ಉಳಿಸುವುದು ನೆಲಕ್ಕಿಳಿಯುವ ರೀತಿ. ವಾರಕ್ಕೆ ಎರಡು ಮೂರು ಸಲ, 15–20 ನಿಮಿಷ, ವಾರ್ಮಪ್‌ನಲ್ಲೇ ಮಾಡಿಸಿ: ಮಂಡಿ ಬಾಗಿಸಿ ಮೆತ್ತಗೆ ಇಳಿಯುವುದು, ಒಂಟಿ ಕಾಲಿನ ಸ್ಕ್ವಾಟ್, ತೊಡೆಯ ಹಿಂಭಾಗದ ಬಲ. ಇಳಿಯುವಾಗ ಎದುರಿನಿಂದ ವಿಡಿಯೋ ಮಾಡಿ. ಮಂಡಿಗಳು ಒಳಕ್ಕೆ ವಾಲಿದರೆ ಅದೇ ತಿದ್ದಬೇಕಾದ್ದು.

ಮುಟ್ಟಿನ ದಿನಾಂಕ ಮಾತ್ರ ಬರೆದಿಡಿ. ಮೂರು ತಿಂಗಳು ಮುಟ್ಟು ನಿಂತರೆ ವೈದ್ಯರಿಗೆ ತೋರಿಸಿ. ಅಭ್ಯಾಸಕ್ಕೆ ತಕ್ಕ ಊಟ ಸಾಲದೆ ಹೀಗಾಗುವುದುಂಟು, ಆಗ ಮೂಳೆಯಲ್ಲೇ ಬಿರುಕು ಬಿಡಬಹುದು.