ಕಡಲೆಕಾಯಿಗೆ ಒಂದೇ ಸಲ ಕಳೆ ತೆಗೆಸೋದಾದರೆ ಎಷ್ಟನೇ ದಿನ?

ಪ್ರಶ್ನೆ: ಎರಡು ಎಕರೆ ಕಡಲೆಕಾಯಿ ಹಾಕಿದ್ದೀನಿ, ಮಳೆ ನಂಬಿ. ಕೂಲಿ ಕೊಟ್ಟು ಒಂದೇ ಸಲ ಕಳೆ ತೆಗೆಸೋಕೆ ಆಗೋದು. ಯಾವಾಗ ತೆಗೆಸಲಿ?

ಬಿತ್ತಿದ 25ನೇ ದಿನದ ಆಸುಪಾಸಿನಲ್ಲಿ ತೆಗೆಸಿ. ಮಳೆ ಹಿಡಿದು ಹೊಲಕ್ಕೆ ಕಾಲಿಡೋಕೆ ಆಗದಿದ್ದರೆ 30ರವರೆಗೆ ಕಾಯಬಹುದು.

ಈ ಲೆಕ್ಕ ಕಂಡುಹಿಡಿಯುವ ರೀತಿ ಚೆನ್ನಾಗಿದೆ. ಹೊಲವನ್ನು ಸಣ್ಣ ಮಡಿಗಳಾಗಿ ಮಾಡುತ್ತಾರೆ. ಕೆಲವು ಮಡಿಗಳಲ್ಲಿ ಮೊದಲು ಕಳೆ ಬಿಟ್ಟು, ಒಂದೊಂದರಲ್ಲಿ 10, 20, 30 ದಿನಕ್ಕೆ ಕಿತ್ತು, ಆಮೇಲೆ ಕೊಯ್ಲಿನವರೆಗೂ ಚೊಕ್ಕ ಇಡುತ್ತಾರೆ. ಇನ್ನು ಕೆಲವಲ್ಲಿ ಉಲ್ಟಾ: ಅಷ್ಟಷ್ಟು ದಿನ ಚೊಕ್ಕ ಇಟ್ಟು, ಆಮೇಲೆ ಕಳೆಗೆ ಬಿಡುತ್ತಾರೆ. ಮೊದಲನೆಯದರಿಂದ ಎಷ್ಟು ದಿನ ಕಳೆ ಇದ್ದರೂ ನಡೆಯುತ್ತೆ ಅಂತ ಗೊತ್ತಾಗುತ್ತದೆ. ಎರಡನೆಯದರಿಂದ ಯಾವ ದಿನದ ಮೇಲೆ ಹುಟ್ಟಿದ ಕಳೆ ಲೆಕ್ಕಕ್ಕಿಲ್ಲ ಅಂತ ಗೊತ್ತಾಗುತ್ತದೆ. ನಡುವೆ ಉಳಿಯೋದೇ ಕಳೆ ಇರಬಾರದ ಕಾಲ. ಕಡಲೆಕಾಯಿಗೆ ಅದು ಸುಮಾರು 45ನೇ ದಿನಕ್ಕೆ ಮುಗಿಯುತ್ತದೆ.

ಈಗ ನಿಮ್ಮ ಒಂದು ಸಲವನ್ನು ಎಲ್ಲಿಡಬೇಕು ನೋಡಿ. ಜುಲೈ 5ಕ್ಕೆ ಬಿತ್ತಿದ್ದೀರಿ ಅಂದುಕೊಳ್ಳಿ. 12ನೇ ದಿನಕ್ಕೇ ಕಿತ್ತರೆ, ಮುಂದಿನ ಮಳೆಗೆ ಎರಡನೇ ಸುತ್ತಿನ ಕಳೆ ಏಳುತ್ತದೆ, ಗಿಡ ಇನ್ನೂ ಅಂಗೈಯಷ್ಟೇ. 40ಕ್ಕೆ ಬಿಟ್ಟರೆ ಅಷ್ಟರಲ್ಲಿ ತೇವ, ಗೊಬ್ಬರ ಎಲ್ಲ ಅಣ್ಣೆ ಸೊಪ್ಪು ತಿಂದಾಗಿರುತ್ತದೆ. ಜುಲೈ 30ರ ಹೊತ್ತಿಗೆ ತೆಗೆದರೆ, ಮತ್ತೆ ಹುಟ್ಟುವ ಕಳೆ ಮೇಲೇಳುವಷ್ಟರಲ್ಲಿ ಸಾಲು ಮುಚ್ಚಿಕೊಳ್ಳುತ್ತದೆ. ಎತ್ತು ಸಿಕ್ಕರೆ 20ನೇ ದಿನ ಒಂದು ಎಡೆಕುಂಟೆ ಹೊಡೆಸಿ. ಆಮೇಲೆ ಆಳಿಗೆ ಸಾಲಿನೊಳಗಿನ ಕಳೆ ಮಾತ್ರ ಉಳಿಯುತ್ತದೆ, ಕೂಲಿ ಎಷ್ಟೋ ಕಡಿಮೆ.

45 ದಾಟಿದ ಮೇಲೆ ಕುಂಟೆ, ಕುರ್ಪಿ ಎರಡೂ ಬೇಡ. ಹೂವು ಬಾಡಿದ ಜಾಗದಿಂದ ಸೂಜಿಯಂಥದ್ದು ಇಳಿದು ಮಣ್ಣು ಹೊಕ್ಕಿರುತ್ತದೆ, ಅದರ ತುದಿಯೇ ಮುಂದೆ ಕಾಯಿ. ಒಂದು ವರ್ಷ ಆಳು ಸಿಗದೆ ನಾನು 55ನೇ ದಿನ ಕೀಳಿಸಿದೆ. ಕಳೆಯ ಬುಡ ಎಳೆದಾಗ ಮಣ್ಣು ಹೆಂಟೆಯಾಗಿ ಎದ್ದು, ಜೊತೆಗೆ ಬಿಳಿ ಎಳೆಗಾಯಿ ಮೇಲೆ ಬಂದವು. ಕೂಲಿ ಕೊಟ್ಟು ಕಾಯಿ ಕಳಕೊಂಡಂಗಾಯ್ತು.

ದಿನದ ಲೆಕ್ಕ ಎಲ್ಲ ವರ್ಷಕ್ಕೂ ಒಂದೇ ಅಲ್ಲ. ಮಳೆ ಕೈಕೊಟ್ಟರೆ ಗಿಡ ಗಿಡ್ಡ ಉಳಿದು ಸಾಲು ತೆರೆದೇ ಇರುತ್ತದೆ. ಮಧ್ಯಾಹ್ನ ಹೊಲದಲ್ಲಿ ನಿಂತು ನೋಡಿ. 45 ದಾಟಿದ ಮೇಲೂ ಸಾಲಿನ ನಡುವೆ ಬಿಸಿಲು ಮಣ್ಣಿಗೆ ಬೀಳ್ತಿದ್ರೆ ಕಳೆಗೆ ಇನ್ನೂ ಜಾಗ ಇದೆ ಅಂತ. ಆಗ ಎತ್ತರಕ್ಕೆ ಬೆಳೆದ ಕಳೆಯನ್ನು ಕೀಳಬೇಡಿ, ಬೀಜ ಉದುರುವ ಮುಂಚೆ ಕುಡುಗೋಲಿನಲ್ಲಿ ಬುಡಕ್ಕೆ ಕೊಯ್ದು ಹಾಕಿ.