ಸಂದರ್ಶನದ ನಡುವೆ ಹಿಂದೆ ಸರಿಯುವಾಗ ಏನು ಬರೆಯಬೇಕು?

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದ ಹುದ್ದೆಗೆ ಎರಡು ಸುತ್ತಿನ ಸಂದರ್ಶನ ಮುಗಿದಿದೆ, ಬರುವ ಗುರುವಾರ ಕೊನೆಯ ಸುತ್ತು. ಈ ನಡುವೆ ತಂದೆಯವರಿಗೆ ಲಕ್ವ ಹೊಡೆದಿದ್ದು, ನಾನು ಹುಬ್ಬಳ್ಳಿ ಬಿಟ್ಟು ಬರುವ ಹಾಗಿಲ್ಲ. ನನ್ನನ್ನು ಕಳುಹಿಸಿದ್ದು ಒಬ್ಬ ಕನ್ಸಲ್ಟೆಂಟ್. ಯಾರಿಗೆ, ಏನೆಂದು ಬರೆಯಲಿ?

ಉತ್ತರ: ತಂದೆಯವರು ಬೇಗ ಚೇತರಿಸಿಕೊಳ್ಳಲಿ. ಬರೆಯುವ ಮೊದಲು ಒಂದನ್ನು ತೀರ್ಮಾನಿಸಿಕೊಳ್ಳಿ. ಸ್ವಲ್ಪ ಕಾಲಾವಕಾಶ ಅಥವಾ ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಸಿಕ್ಕರೆ ಈ ಹುದ್ದೆ ಒಪ್ಪುವಿರಾದರೆ, ಅದನ್ನೇ ನೇರವಾಗಿ ಕೇಳಿ. ಹಿಂದೆ ಸರಿಯುವುದಾಗಿ ಒಮ್ಮೆ ಬರೆದರೆ ಅವರು ನಿಮ್ಮ ಅರ್ಜಿಯನ್ನು ಮುಗಿಸಿ ಮುಂದಿನ ಅಭ್ಯರ್ಥಿಯನ್ನು ಕರೆಯುತ್ತಾರೆ. ಹಾಗಾಗದು ಎಂದು ಖಚಿತವಾಗಿದ್ದರೆ ಗುರುವಾರದವರೆಗೆ ಕಾಯದೆ ಇಂದೇ ತಿಳಿಸಿ, ಏಕೆಂದರೆ ಕೊನೆಯ ಸುತ್ತಿಗೆ ಹಿರಿಯ ಅಧಿಕಾರಿಗಳು ಸಮಯ ತೆಗೆದಿಟ್ಟಿರುತ್ತಾರೆ.

ಮೊದಲು ಕನ್ಸಲ್ಟೆಂಟ್‌ಗೆ ಫೋನ್ ಮಾಡಿ ತಿಳಿಸಿ, ನಂತರ ಸಂದರ್ಶನದ ದಿನಾಂಕ ತಿಳಿಸಿದ್ದ ಅದೇ ಇಮೇಲ್‌ಗೆ ಉತ್ತರವಾಗಿ ಕಂಪನಿಯ ಎಚ್‌ಆರ್ ಅವರಿಗೆ ಬರೆದು, ಕನ್ಸಲ್ಟೆಂಟ್‌ಗೂ ಒಂದು ಪ್ರತಿ ಕಳುಹಿಸಿ. ಕನ್ಸಲ್ಟೆಂಟ್‌ಗೆ ಮಾತ್ರ ಹೇಳಿ ಸುಮ್ಮನಾದರೆ ಸಂದೇಶ ಕಂಪನಿಗೆ ತಡವಾಗಿ ತಲುಪಿ, ಗುರುವಾರ ನೀವು ಹೇಳದೆ ಕೇಳದೆ ಗೈರಾದಂತೆ ದಾಖಲಾಗುವ ಸಂಭವವಿದೆ. ಪತ್ರ ಹೀಗಿರಲಿ:

"ಮಾನ್ಯರೇ, ಲೆಕ್ಕಪತ್ರ ವಿಭಾಗದ ಹುದ್ದೆಗೆ ನಾನು ಸಲ್ಲಿಸಿದ್ದ ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ. ತಂದೆಯವರ ಅನಾರೋಗ್ಯದಿಂದಾಗಿ ನಾನು ಸದ್ಯ ಹುಬ್ಬಳ್ಳಿಯಲ್ಲೇ ಇರಬೇಕಾಗಿದೆ. ದಯವಿಟ್ಟು ಗುರುವಾರದ ಸಂದರ್ಶನವನ್ನು ರದ್ದುಪಡಿಸಿ. ಎರಡೂ ಸುತ್ತುಗಳಲ್ಲಿ ಸಮಯ ಕೊಟ್ಟು ಮಾತನಾಡಿದ ತಮ್ಮೆಲ್ಲರಿಗೂ ಕೃತಜ್ಞತೆಗಳು. ಪರಿಸ್ಥಿತಿ ಸುಧಾರಿಸಿದ ಮೇಲೆ ಸೂಕ್ತ ಹುದ್ದೆಯಿದ್ದರೆ ಮತ್ತೆ ಅರ್ಜಿ ಸಲ್ಲಿಸಲು ಇಚ್ಛಿಸುತ್ತೇನೆ."

ನಿರ್ಧಾರ ಮೊದಲ ವಾಕ್ಯದಲ್ಲೇ ಇರುವುದನ್ನು ಗಮನಿಸಿ. ಸಂಕೋಚದಿಂದ "ಈಗ ಸ್ವಲ್ಪ ಕಷ್ಟವಾಗುತ್ತಿದೆ" ಎಂದಷ್ಟೇ ಬರೆಯುವವರು ಬಹಳ, ಆದರೆ ಓದುವವರಿಗೆ ಅದು ದಿನಾಂಕ ಬದಲಿಸುವ ಕೋರಿಕೆಯಾಗಿಯೋ ಸಂಬಳ ಹೆಚ್ಚಿಸಿಕೊಳ್ಳುವ ಚೌಕಾಸಿಯಾಗಿಯೋ ಕಾಣುತ್ತದೆ. ಆಮೇಲೆ ಫೋನಿನ ಮೇಲೆ ಫೋನು ಬರುತ್ತದೆ. ಕಾರಣಕ್ಕೆ ಒಂದು ವಾಕ್ಯ ಸಾಕು. ಕಾಯಿಲೆಯ ಹೆಸರು, ಆಸ್ಪತ್ರೆಯ ವಿವರ, ವೈದ್ಯರ ಚೀಟಿ ಯಾವುದನ್ನೂ ಕೊಡಬೇಕಿಲ್ಲ. ಅದು ನಿಮ್ಮ ತಂದೆಯವರ ಖಾಸಗಿ ವಿಷಯ, ಮತ್ತು ಇಮೇಲ್ ಎಷ್ಟು ಜನರ ಕೈಗೆ ಹೋಗುತ್ತದೆಂದು ನಿಮಗೆ ತಿಳಿಯದು. ಹಾಗೆಂದು "ಬೇರೆ ಕೆಲಸ ಸಿಕ್ಕಿದೆ" ಎಂಬ ಸುಳ್ಳು ಕಾರಣವನ್ನೂ ಕೊಡಬೇಡಿ, ಮುಂದೆ ಅರ್ಜಿ ಹಾಕಿದಾಗ ಆ ಕೆಲಸದ ಬಗ್ಗೆಯೇ ಕೇಳುತ್ತಾರೆ.

ಕಂಪನಿಯ ಜಾಲತಾಣದಲ್ಲೂ ಅರ್ಜಿ ಹಾಕಿದ್ದರೆ ಅಲ್ಲಿಯೂ ಹಿಂಪಡೆಯಿರಿ; ಸಂಬಳದ ಚೀಟಿ, ಪ್ಯಾನ್ ಪ್ರತಿ ಕೊಟ್ಟಿದ್ದರೆ ಅಳಿಸಿಹಾಕುವಂತೆ ಕೋರಬಹುದು. ಮತ್ತೆ ಅರ್ಜಿ ಹಾಕುವ ಕಾಲ ಬಂದಾಗ ಇದೇ ಇಮೇಲ್‌ಗೆ ಉತ್ತರವಾಗಿ ಬರೆಯಿರಿ. ಎಚ್‌ಆರ್ ಬದಲಾಗಿದ್ದರೂ ನೀವು ಯಾವ ಸುತ್ತಿನವರೆಗೆ ಬಂದಿದ್ದಿರಿ, ಏಕೆ ನಿಂತಿರಿ ಎಂಬುದು ಅಲ್ಲೇ ಓದಲು ಸಿಗುತ್ತದೆ.